ವರ್ಷಫಲ ಹಾಕುವುದು ಹೇಗೆ: ವರ್ಷಪ್ರವೇಶದ ಕ್ಷಣದಿಂದ ಮುದ್ದಾ ದಶೆಯವರೆಗೆ

ಹುಟ್ಟುಹಬ್ಬದ ದಿನಕ್ಕೂ ವರ್ಷಪ್ರವೇಶಕ್ಕೂ ನೇರ ಸಂಬಂಧವಿಲ್ಲ. ಹುಟ್ಟಿದಾಗ ರವಿ ಯಾವ ರಾಶಿಯ ಎಷ್ಟನೇ ಅಂಶ, ಕಲೆ, ವಿಕಲೆಯಲ್ಲಿದ್ದನೋ ಅಲ್ಲಿಗೇ ಮರಳಿ ಬರುವ ಕ್ಷಣವೇ ವರ್ಷಪ್ರವೇಶ. ಅದು ಕ್ಯಾಲೆಂಡರಿನ ಹುಟ್ಟುಹಬ್ಬದಂದೇ ಬರಬಹುದು, ಹಿಂದಿನ ರಾತ್ರಿಯೋ ಮರುದಿನವೋ ಬೀಳಬಹುದು. ಆ ಕ್ಷಣದ ಲಗ್ನ ಮತ್ತು ಗ್ರಹಸ್ಥಿತಿಯೇ ವರ್ಷಕುಂಡಲಿ. ಅದನ್ನು ಓದುವ ಕ್ರಮಕ್ಕೆ ತಾಜಿಕ ಪದ್ಧತಿ ಎಂದು ಹೆಸರು. ಇದರ ಮಾತುಗಳೇ ಇದು ಎಲ್ಲಿಂದ ಬಂತೆಂದು ಹೇಳುತ್ತವೆ: ಇತ್ಥಶಾಲ, ಈಸರಾಫ, ಮುಂಥಾ, ಹದ್ದಾ ಎಲ್ಲವೂ ಅರಬ್ಬಿಯಿಂದ ಬಂದು ಸಂಸ್ಕೃತದ ಉಡುಪು ತೊಟ್ಟವು. ಕಾಶಿಯ ನೀಲಕಂಠ 1587ರಲ್ಲಿ ಇದನ್ನು ಒಪ್ಪವಾಗಿ ಕಟ್ಟಿಕೊಟ್ಟ ಮೇಲೆ ಬಹುತೇಕರು ಅವನ ದಾರಿಯನ್ನೇ ಹಿಡಿದಿದ್ದಾರೆ.

ವಿವರಣೆಗೆಂದು ಕಟ್ಟಿಕೊಂಡ ಒಂದು ಜಾತಕವನ್ನು ಕೊನೆಯವರೆಗೂ ಹಿಡಿದು ಹೋಗೋಣ. ಜನನ: 1991 ಆಗಸ್ಟ್ 15, ಗುರುವಾರ, ಸಂಜೆ 4.20, ಧಾರವಾಡ. ಲಾಹಿರಿ ಅಯನಾಂಶದಲ್ಲಿ ಲಗ್ನ ಧನು 19°, ಚಂದ್ರ ತುಲಾ 8°, ಸ್ವಾತಿ ನಕ್ಷತ್ರದ 1ನೇ ಪಾದ. ನಮಗೆ ಬೇಕಿರುವುದು 2025ರ ಆಗಸ್ಟ್‌ನಿಂದ ಮುಂದಿನ ಹನ್ನೆರಡು ತಿಂಗಳು.

ಕ್ಷಣ ಹಿಡಿಯುವುದು

ಮೊದಲು ಗತವರ್ಷ. ತುಂಬಿದ ವರ್ಷಗಳನ್ನೇ ಎಣಿಸಬೇಕು, ನಡೆಯುತ್ತಿರುವುದನ್ನಲ್ಲ. 2025ರ ಆಗಸ್ಟ್‌ಗೆ ಈ ವ್ಯಕ್ತಿಗೆ 34 ತುಂಬಿ 35 ನಡೆಯುತ್ತದೆ, ಹಾಗಾಗಿ ಗತವರ್ಷ 34. ಇಲ್ಲಿ ಒಂದು ತಪ್ಪಿದರೆ ಜನ್ಮಲಗ್ನದಿಂದ ವರ್ಷಕ್ಕೊಂದು ರಾಶಿ ಸರಿಯುವ ಮುಂಥಾ ಒಂದು ಮನೆ ಜರುಗುತ್ತದೆ, ವರ್ಷವನ್ನು ಗ್ರಹಗಳಿಗೆ ಹಂಚುವ ಮುದ್ದಾ ದಶೆ ಬೇರೆ ಗ್ರಹದಿಂದ ಶುರುವಾಗುತ್ತದೆ.

ನಿರಯನ ಸೌರವರ್ಷ 365 ದಿನ 6 ಗಂಟೆ 9 ನಿಮಿಷ 10 ಸೆಕೆಂಡು. 52 ವಾರ ಕಳೆದರೆ ಉಳಿಯುವುದು 1 ದಿನ 6 ಗಂಟೆ 9 ನಿಮಿಷ 10 ಸೆಕೆಂಡು. ಇದೇ ಒಂದು ವರ್ಷದ ಧ್ರುವಾಂಕ. 34ರಿಂದ ಗುಣಿಸಿದರೆ 42 ದಿನ 17 ಗಂಟೆ 11 ನಿಮಿಷ 40 ಸೆಕೆಂಡು ಬರುತ್ತದೆ. 42 ದಿನ ಪೂರ್ತಿ ಆರು ವಾರ, ಬಿಟ್ಟುಬಿಡಿ. ಉಳಿದ 17 ಗಂಟೆ 11 ನಿಮಿಷ 40 ಸೆಕೆಂಡನ್ನು ಗುರುವಾರ ಸಂಜೆ 4.20ಕ್ಕೆ ಕೂಡಿಸಿ: ಶುಕ್ರವಾರ ಬೆಳಿಗ್ಗೆ 9 ಗಂಟೆ 31 ನಿಮಿಷ 40 ಸೆಕೆಂಡು. 2025ರ ಆಗಸ್ಟ್ 15 ಶುಕ್ರವಾರವೇ. ವಾರ ತಾಳೆಯಾಯಿತು ಎಂದರೆ ದಿನ ಸರಿ ಸಿಕ್ಕಿತು ಎಂದರ್ಥ.

ಇದು ಮಧ್ಯಮ ಗಣಿತ. ಭೂಮಿಯನ್ನು ಚಂದ್ರನೂ ಉಳಿದ ಗ್ರಹಗಳೂ ಸ್ವಲ್ಪ ಸ್ವಲ್ಪ ಎಳೆಯುವುದರಿಂದ ನಿಜವಾದ ಕ್ಷಣ ಕೆಲವು ನಿಮಿಷ ಹಿಂದೆಮುಂದೆ ಆಗುತ್ತದೆ. ಲಗ್ನ ಸರಾಸರಿ ನಾಲ್ಕು ನಿಮಿಷಕ್ಕೆ ಒಂದು ಅಂಶ ಓಡುತ್ತದೆ, ಆದ್ದರಿಂದ ಕೈಲೆಕ್ಕದಲ್ಲಿ ಬಂದ ಲಗ್ನ ರಾಶಿಯ ಅಂಚಿನಲ್ಲಿದ್ದರೆ ಅದನ್ನು ನಂಬಬೇಡಿ. ಜಗನ್ನಾಥ ಹೋರಾದಂಥ ತಂತ್ರಾಂಶ ಬಳಸುವವರೂ ಒಂದು ಪರೀಕ್ಷೆ ಮಾಡಲೇಬೇಕು: ಜನ್ಮಕುಂಡಲಿಯ ರವಿಯನ್ನೂ ವರ್ಷಕುಂಡಲಿಯ ರವಿಯನ್ನೂ ವಿಕಲೆಯವರೆಗೆ ಪಕ್ಕಪಕ್ಕ ಬರೆದು ನೋಡಿ. ನಮ್ಮ ಉದಾಹರಣೆಯಲ್ಲಿ ರವಿ ಕಟಕ 28° ದಾಟಿದ್ದಾನೆ. ಅಂಶ, ಕಲೆ ಕೂಡಿದರೆ ಸಾಲದು. ಒಂದು ಕಲೆಯ ವ್ಯತ್ಯಾಸ ಎಂದರೆ ಸುಮಾರು 25 ನಿಮಿಷ, ಅಂದರೆ ಲಗ್ನದಲ್ಲಿ ಆರು ಅಂಶ.

ಸಮಯ ಕೆಡುವ ಜಾಗಗಳು ಮುಖ್ಯವಾಗಿ ಮೂರು. ಮೊದಲನೆಯದು ಹಳೆಯ ಧ್ರುವಾಂಕ. ಸೂರ್ಯಸಿದ್ಧಾಂತದ ಪ್ರಕಾರ ವರ್ಷಕ್ಕೆ 1 ದಿನ 15 ಘಳಿಗೆ 31 ವಿಘಳಿಗೆ 30 ಲಿಪ್ತ ಎಂದು ಹಳೆಯ ಕೋಷ್ಟಕಗಳಲ್ಲಿ ಇರುತ್ತದೆ. ಇದು ದೃಗ್ಗಣಿತಕ್ಕಿಂತ ವರ್ಷಕ್ಕೆ ಮೂರೂವರೆ ನಿಮಿಷದಷ್ಟು ಹೆಚ್ಚು. ಮಗುವಿನ ಜಾತಕದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. 34 ವರ್ಷಕ್ಕೆ ಅದು ಸುಮಾರು 1 ಗಂಟೆ 57 ನಿಮಿಷ ಆಗಿ, ನಮ್ಮ ಕನ್ಯಾ ಲಗ್ನ ತುಲಾ ಆಗಿಬಿಡುತ್ತದೆ! ಒಬ್ಬರೇ ವ್ಯಕ್ತಿಗೆ ಇಬ್ಬರು ಜೋಯಿಸರು ಬೇರೆಬೇರೆ ವರ್ಷಲಗ್ನ ಹೇಳಿದರೆ ಮೊದಲು ಕೇಳಬೇಕಾದದ್ದು ಇದನ್ನೇ. ಎರಡನೆಯದು ಅಯನಾಂಶ. ಲಾಹಿರಿಯೋ ರಾಮನ್ ಅವರದೋ, ಎರಡೂ ಕುಂಡಲಿಗೆ ಒಂದನ್ನೇ ಹಿಡಿದರೆ ಪ್ರವೇಶದ ಕ್ಷಣ ಹೆಚ್ಚುಕಡಿಮೆ ಒಂದೇ ಬರುತ್ತದೆ. ರಾಮನ್ ಅಯನಾಂಶದ ಜಾತಕದಿಂದ ರವಿಯ ಅಂಶ ಬರೆದುಕೊಂಡು ಲಾಹಿರಿ ಪಂಚಾಂಗದಲ್ಲಿ ಹುಡುಕಿದರೆ ಮಾತ್ರ ಒಂದೂಕಾಲು ಅಂಶಕ್ಕೂ ಹೆಚ್ಚಿನ ಅಂತರ ಸೇರಿಕೊಂಡು ಒಂದೂವರೆ ದಿನದಷ್ಟು ತಪ್ಪುತ್ತದೆ. ಮೂರನೆಯದು ಸಾಯನ. ಪಾಶ್ಚಾತ್ಯ ತಂತ್ರಾಂಶಗಳು ಸಾಯನ ರವಿಯ ಮರಳುವಿಕೆ ತೋರಿಸುತ್ತವೆ. 34 ವರ್ಷಕ್ಕೆ ಅದು ನಿರಯನಕ್ಕಿಂತ ಹನ್ನೊಂದೂವರೆ ಗಂಟೆ ಮೊದಲೇ ಬರುತ್ತದೆ. ಅದು ಬೇರೆ ಪದ್ಧತಿಯ ಕುಂಡಲಿ, ಅದರ ಮೇಲೆ ತಾಜಿಕ ನಿಯಮ ಹೇರಬಾರದು.

ಜನ್ಮ ಸಮಯವೇ ಹತ್ತು ನಿಮಿಷ ಅನುಮಾನವಿದ್ದರೆ ವರ್ಷಪ್ರವೇಶವೂ ಅಷ್ಟೇ ಹತ್ತು ನಿಮಿಷ ಅನುಮಾನ. ವರ್ಷ ಕಳೆದಂತೆ ತಪ್ಪು ಬೆಳೆಯುತ್ತದೆ ಎಂಬ ಮಾತಿದೆ, ಅದು ಹಳೆಯ ಧ್ರುವಾಂಕಕ್ಕೆ ಅನ್ವಯಿಸುತ್ತದೆಯೇ ಹೊರತು ಜನ್ಮ ಸಮಯದ ತಪ್ಪಿಗಲ್ಲ.

ಯಾವ ಊರಿಗೆ ಹಾಕಬೇಕು

ಜನ್ಮಸ್ಥಳಕ್ಕೋ ಈಗ ವಾಸವಿರುವ ಊರಿಗೋ ಎಂಬ ಜಗಳ ಮುಗಿಯುವಂಥದ್ದಲ್ಲ. ಇದೇ ವ್ಯಕ್ತಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾರೆ ಎನ್ನಿ. ಕ್ಷಣ ಒಂದೇ, ಆದರೆ ಅಲ್ಲಿ ಆಗ ಆಗಸ್ಟ್ 14ರ ರಾತ್ರಿ 9 ಗಂಟೆ. ಲಗ್ನ ಕುಂಭ, ಹಗಲಿನ ಪ್ರವೇಶ ರಾತ್ರಿಯದಾಗುತ್ತದೆ, ವರ್ಷದ ಯಜಮಾನ, ಅಂದರೆ ವರ್ಷೇಶ, ಆಗಲು ಹಕ್ಕಿರುವ ಅಧಿಕಾರಿ ಗ್ರಹಗಳೂ ಬದಲಾಗುತ್ತವೆ. ಸಂಪ್ರದಾಯದ ಗಣಿತ ಜನ್ಮಸ್ಥಳದ್ದು, ನಮ್ಮ ಒಲವೂ ಅತ್ತಲೇ. ವಾಸಸ್ಥಳದ್ದನ್ನು ಬೇಕಾದರೆ ಬೇರೆ ಹಾಳೆಯಲ್ಲಿ ಹಾಕಿಟ್ಟು ಮೂರ್ನಾಲ್ಕು ಹಿಂದಿನ ವರ್ಷಗಳಿಗೆ ತಾಳೆ ನೋಡಿ. ಒಂದರ ಲಗ್ನ, ಇನ್ನೊಂದರ ವರ್ಷೇಶ ಎಂದು ಬೆರೆಸುವುದು ಮಾತ್ರ ಬೇಡ.

ಕುಂಡಲಿ ಮತ್ತು ಮುಂಥಾ

ಧಾರವಾಡಕ್ಕೆ ಹಾಕಿದರೆ ವರ್ಷಲಗ್ನ ಕನ್ಯಾ, 14°–15°ರ ಸುಮಾರು. ಗ್ರಹಗಳು ಹೀಗಿವೆ (ಅಂಶಗಳು ಸುಮಾರು):

| ಗ್ರಹ | ರಾಶಿ, ಅಂಶ | ವರ್ಷಲಗ್ನದಿಂದ ಮನೆ |
|---|---|---|
| ಕುಜ | ಕನ್ಯಾ 11° | 1 |
| ರಾಹು | ಕುಂಭ 25° | 6 |
| ಶನಿ (ವಕ್ರಿ) | ಮೀನ 7° | 7 |
| ಚಂದ್ರ | ಮೇಷ 14½° | 8 |
| ಗುರು | ಮಿಥುನ 20½° | 10 |
| ಶುಕ್ರ | ಮಿಥುನ 23° | 10 |
| ಬುಧ | ಕಟಕ 11° | 11 |
| ರವಿ | ಕಟಕ 28° | 11 |
| ಕೇತು | ಸಿಂಹ 25° | 12 |

ಫಲಕ್ಕೆ ಇಳಿಯುವ ಮೊದಲು ವರ್ಷಲಗ್ನ ಜನ್ಮಲಗ್ನದಿಂದ ಎಷ್ಟನೆಯದೆಂದು ನೋಡಿ. ಕನ್ಯಾ ಧನುವಿಗೆ ಹತ್ತನೆಯದು. ಜನ್ಮದ ಕರ್ಮಸ್ಥಾನವೇ ಈ ವರ್ಷ ಲಗ್ನವಾಗಿ ಎದ್ದಿದೆ, ಹಾಗಾಗಿ ಕೆಲಸ, ಹುದ್ದೆ, ಜವಾಬ್ದಾರಿಯೇ ವರ್ಷದ ಮುಖ್ಯ ವಿಷಯ. ಇಷ್ಟು ಸುಲಭದ ಈ ಹೆಜ್ಜೆಯನ್ನು ಬಿಟ್ಟು ನೇರ ಯೋಗಗಳಿಗೆ ಹಾರುವವರೇ ಹೆಚ್ಚು.

ಮುಂಥಾ ಹುಟ್ಟಿದಾಗ ಜನ್ಮಲಗ್ನದಲ್ಲಿದ್ದು ವರ್ಷಕ್ಕೊಂದು ರಾಶಿ ಮುಂದೆ ಹೋಗುತ್ತದೆ. ಧನು 9ನೇ ರಾಶಿ; 9 + 34 = 43, ಹನ್ನೆರಡರಿಂದ ಭಾಗಿಸಿದರೆ ಶೇಷ 7, ಅಂದರೆ ತುಲಾ. ವರ್ಷಲಗ್ನದಿಂದ ಅದು 2ನೇ ಮನೆ. ಮುಂಥಾಕ್ಕೆ 9, 10, 11 ಉತ್ತಮ, 1, 2, 3, 5 ಒಳ್ಳೆಯವು, 4, 6, 7, 8, 12 ತೊಡಕಿನವು. ಎರಡನೇ ಮನೆ ದುಡ್ಡು, ಕುಟುಂಬ, ಮಾತು. ಮುಂಥಾಧಿಪತಿ ಶುಕ್ರ ಹತ್ತರಲ್ಲಿದ್ದಾನೆ, ಹಾಗಾಗಿ ಆ ದುಡ್ಡು ಬರುವ ದಾರಿ ಕೆಲಸವೇ. ಮುಂಥಾ ಒಳ್ಳೆಯ ಮನೆಯಲ್ಲಿದ್ದು ಅದರ ಅಧಿಪತಿ 6, 8, 12ರಲ್ಲಿ ಬಿದ್ದಿದ್ದರೆ ಕಾಗದದ ಮೇಲಿನ ಲಾಭ ಕೈಗೆ ಬರುವುದಿಲ್ಲ ಎಂದು ಓದುತ್ತಿದ್ದೆವು.

ವರ್ಷೇಶ ಯಾರು

ವರ್ಷದ ಯಜಮಾನಿಕೆಗೆ ಐದು ಅಧಿಕಾರಗಳ ಹಕ್ಕಿದೆ. ಜನ್ಮಲಗ್ನಾಧಿಪತಿ ಗುರು. ವರ್ಷಲಗ್ನಾಧಿಪತಿ ಬುಧ. ಮುಂಥಾಧಿಪತಿ ಶುಕ್ರ. ತ್ರಿರಾಶಿಪತಿಯನ್ನು ಕೋಷ್ಟಕದಿಂದ ತೆಗೆಯಬೇಕು, ಹಗಲು ಪ್ರವೇಶದ ಕನ್ಯಾ ಲಗ್ನಕ್ಕೆ ಚಂದ್ರ. ದಿನರಾತ್ರಿಪತಿ ಹಗಲಾದರೆ ರವಿ ಇರುವ ರಾಶಿಯ ಒಡೆಯ, ರಾತ್ರಿಯಾದರೆ ಚಂದ್ರ ಇರುವ ರಾಶಿಯ ಒಡೆಯ. ಇಲ್ಲಿ ಹಗಲು, ರವಿ ಕಟಕದಲ್ಲಿ, ಹಾಗಾಗಿ ಮತ್ತೆ ಚಂದ್ರ.

ಚಂದ್ರನಿಗೆ ಎರಡು ಹಕ್ಕು ಬಂತಲ್ಲ, ಅವನೇ ವರ್ಷೇಶ ಎಂದು ಅವಸರಪಡಬೇಡಿ. ವರ್ಷೇಶ ಆಗುವವನು ವರ್ಷಲಗ್ನವನ್ನು ತಾಜಿಕ ದೃಷ್ಟಿಯಿಂದ ನೋಡಲೇಬೇಕು. ಈ ದೃಷ್ಟಿ ಪರಾಶರರದ್ದಲ್ಲ: 3, 5, 9, 11 ಮಿತ್ರ ದೃಷ್ಟಿ; 1, 4, 7, 10 ಶತ್ರು ದೃಷ್ಟಿ; 2, 6, 8, 12ಕ್ಕೆ ದೃಷ್ಟಿಯೇ ಇಲ್ಲ. ಎಂಟರಲ್ಲಿರುವ ಚಂದ್ರ ಲಗ್ನವನ್ನು ನೋಡುವುದಿಲ್ಲ, ಸ್ಪರ್ಧೆಯಿಂದ ಹೊರಗೆ. ಕುಜನಿಗೆ ನಾಲ್ಕನೇ ದೃಷ್ಟಿ, ಶನಿಗೆ ಮೂರನೇ ದೃಷ್ಟಿ ಎಂಬ ಅಭ್ಯಾಸ ಇಲ್ಲಿಗೆ ತಂದರೆ ಇಡೀ ಓದು ಹಾಳಾಗುತ್ತದೆ.

ಉಳಿದ ಮೂವರಲ್ಲಿ ಯಾರು ಬಲಿಷ್ಠ ಎಂದು ಪಂಚವರ್ಗೀಯ ಬಲದಿಂದ ತೀರ್ಮಾನಿಸಬೇಕು. ಕ್ಷೇತ್ರಕ್ಕೆ ಗರಿಷ್ಠ 30, ಉಚ್ಚಕ್ಕೆ 20, ರಾಶಿಯ ಐದು ಅಸಮ ಭಾಗಗಳಾದ ಹದ್ದಾಕ್ಕೆ 15, ದ್ರೇಕ್ಕಾಣಕ್ಕೆ 10, ನವಾಂಶಕ್ಕೆ 5. ಒಟ್ಟು 80ನ್ನು ನಾಲ್ಕರಿಂದ ಭಾಗಿಸಿ 20ಕ್ಕೆ ಇಳಿಸುತ್ತಾರೆ. ಸ್ವಂತ ವರ್ಗದಲ್ಲಿದ್ದರೆ ಪೂರ್ತಿ, ಮಿತ್ರನದ್ದಾದರೆ ಮುಕ್ಕಾಲು, ಸಮನದ್ದಾದರೆ ಅರ್ಧ, ಶತ್ರುವಿನದ್ದಾದರೆ ಕಾಲು. ಮಿತ್ರ, ಶತ್ರು ಯಾರೆಂಬುದನ್ನೂ ಮೇಲಿನ ದೃಷ್ಟಿಯ ಲೆಕ್ಕದಿಂದಲೇ ಹಿಡಿಯಬೇಕು. ಗುರುವಿನ ಲೆಕ್ಕ ನೋಡಿ. ಮಿಥುನದ ಒಡೆಯ ಬುಧ ಗುರುವಿನಿಂದ 2ನೇ ರಾಶಿಯಲ್ಲಿದ್ದಾನೆ, ಸಮ, ಕ್ಷೇತ್ರಬಲ 15. ಉಚ್ಚಬಲಕ್ಕೆ ನೀಚಸ್ಥಾನವಾದ ಮಕರ 5°ಯಿಂದ ಎಷ್ಟು ದೂರ ಎಂದು ನೋಡಿ 9ರಿಂದ ಭಾಗಿಸಬೇಕು: ದೂರ 165°ಗಿಂತ ತುಸು ಹೆಚ್ಚು, ಬಲ 18.4. ಮಿಥುನದಲ್ಲಿ 17ರಿಂದ 24°ವರೆಗೆ ಕುಜನ ಹದ್ದಾ. ಕುಜ ಗುರುವಿನಿಂದ ನಾಲ್ಕರಲ್ಲಿ, ಶತ್ರು, 3.75. ಮೂರನೇ ದ್ರೇಕ್ಕಾಣ ರವಿಯದು, ಅವನು ಸಮ, 5. ನವಾಂಶ ಮೇಷ, ಮತ್ತೆ ಕುಜ, 1.25. ಕೂಡಿಸಿದರೆ 43.4, ನಾಲ್ಕರಿಂದ ಭಾಗಿಸಿದರೆ 10.85. ಇದೇ ಕ್ರಮದಲ್ಲಿ ಬುಧನಿಗೆ ಸುಮಾರು 10, ಶುಕ್ರನಿಗೆ 9ರ ಆಸುಪಾಸು ಬರುತ್ತದೆ.

ತಾಜಿಕದ ದ್ರೇಕ್ಕಾಣ ಕೋಷ್ಟಕ ಪರಾಶರ ಪದ್ಧತಿಯದ್ದಲ್ಲ ಎಂಬುದನ್ನು ಮರೆಯಬೇಡಿ. ಮೇಷದಿಂದ ಕುಜ, ರವಿ, ಶುಕ್ರ, ಆಮೇಲೆ ವೃಷಭಕ್ಕೆ ಬುಧ, ಚಂದ್ರ, ಶನಿ ಎಂದು ಅದು ಸಾಗುತ್ತದೆ.

ಗುರು ಹತ್ತರಿಂದ ಲಗ್ನವನ್ನು ನೋಡುತ್ತಾನೆ, ಬಲವೂ ಹೆಚ್ಚು, ಆದ್ದರಿಂದ ವರ್ಷೇಶ ಗುರು. ಆದರೆ ಬುಧನಿಗೂ ಅವನಿಗೂ ಅಂತರ ಒಂದು ಅಂಕಕ್ಕೂ ಕಡಿಮೆ. ಬುಧ ಹನ್ನೊಂದರಿಂದ ಮಿತ್ರ ದೃಷ್ಟಿಯಲ್ಲಿ ಲಗ್ನ ನೋಡುತ್ತಾನೆ, ಗುರುವಿನದು ಶತ್ರು ದೃಷ್ಟಿ. ಇಂಥಲ್ಲಿ ಯಜಮಾನಿಕೆ ಗುರುವಿಗೆ ಕೊಟ್ಟು ಬುಧನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುವುದು ಕ್ಷೇಮ. ಫಲದ ಅರ್ಥ: ಮೇಲಿನವರಿಂದ ಅವಕಾಶ ಬರುತ್ತದೆ, ಆದರೆ ಹೂವಿನ ಹಾಸಿಗೆಯಾಗಿ ಅಲ್ಲ, ಹೊರೆಯ ಜೊತೆಗೆ.

ಇತ್ಥಶಾಲವೋ ಈಸರಾಫವೋ

ತಾಜಿಕದ ಜೀವಾಳ ಇಲ್ಲಿದೆ. ವೇಗದ ಗ್ರಹ ಅಂಶದಲ್ಲಿ ಹಿಂದಿದ್ದು ನಿಧಾನದ ಗ್ರಹವನ್ನು ಹಿಡಿಯಲು ಹೋಗುತ್ತಿದ್ದರೆ ಇತ್ಥಶಾಲ, ಕೆಲಸ ಆಗುತ್ತದೆ. ಹಿಡಿದು ಒಂದು ಅಂಶವಾದರೂ ದಾಟಿದ್ದರೆ ಈಸರಾಫ, ಕೆಲಸ ಕೈಜಾರಿದೆ. ಎರಡರ ನಡುವೆ ದೃಷ್ಟಿಯೋ ಯುತಿಯೋ ಇರಬೇಕು, ಅಂತರ ಗ್ರಹದ ಪ್ರಭಾವದ ಮಿತಿಯಾದ ದೀಪ್ತಾಂಶದೊಳಗೆ ಇರಬೇಕು. ದೀಪ್ತಾಂಶಗಳು: ರವಿ 15, ಚಂದ್ರ 12, ಕುಜ 8, ಬುಧ 7, ಗುರು 9, ಶುಕ್ರ 7, ಶನಿ 9. ಎರಡೂ ಗ್ರಹದ್ದು ಕೂಡಿಸಿ ಅರ್ಧ ಮಾಡಿಕೊಳ್ಳಿ.

ನಮ್ಮ ಕುಂಡಲಿಯಲ್ಲಿ ಗುರು ಶುಕ್ರ ಇಬ್ಬರೂ ದಶಮದಲ್ಲಿ ಕೂತಿರುವುದನ್ನು ಕಂಡು ಯಾರಿಗಾದರೂ ಬಾಯಲ್ಲಿ ನೀರೂರಬೇಕು. ಆದರೆ ಶುಕ್ರ ವೇಗದವನು, ಆಗಲೇ ಗುರುವನ್ನು ದಾಟಿ ಸುಮಾರು ಮೂರು ಅಂಶ ಮುಂದಿದ್ದಾನೆ. ಅವರಿಬ್ಬರ ಯುತಿ ಆಗಸ್ಟ್ 12ರಂದೇ ಆಗಿಹೋಗಿತ್ತು, ವರ್ಷಪ್ರವೇಶ ಮೂರು ದಿನ ತಡ. ಇದು ಈಸರಾಫ. ಹಳೆಯ ವರ್ಷದ ಕೊನೆಯಲ್ಲಿ ಕೈಗೆ ಬಂದಂತಿದ್ದ ಯಾವುದೋ ಮಾತುಕತೆ ಈ ವರ್ಷ ಅದೇ ರೂಪದಲ್ಲಿ ಮುಂದುವರಿಯುವುದಿಲ್ಲ ಎಂದು ಓದಬೇಕು.

ಈಗ ಎಲ್ಲರೂ ಹೆದರುವ ಅಷ್ಟಮದ ಚಂದ್ರನನ್ನು ನೋಡಿ. ಅವನು ಮೇಷ 14½°ಯಲ್ಲಿ, ಗುರು ಮಿಥುನ 20½°ಯಲ್ಲಿ, ನಡುವೆ 3–11ರ ಮಿತ್ರ ದೃಷ್ಟಿ. ಅಂತರ 6°, ಮಿತಿ (12 + 9) ÷ 2 = 10½°. ಪಕ್ಕಾ ಇತ್ಥಶಾಲ. ಚಂದ್ರ ಇಲ್ಲಿ ಲಾಭಾಧಿಪತಿ, ಗುರು ವರ್ಷೇಶ. ಹಾಗಾಗಿ ಲಾಭ ಇದೆ, ಆದರೆ ಎಂಟರಿಂದ ಎದ್ದು ಬರುವ ಚಂದ್ರ ಅದನ್ನು ಕಳವಳ, ತಡ, ಮುಚ್ಚಿಟ್ಟ ವಿಷಯಗಳ ಮೂಲಕ ತರುತ್ತಾನೆ. ಗುರುವಿನ ಮಿತ್ರ ದೃಷ್ಟಿ ಇರುವಾಗ ಅಷ್ಟಮ ಚಂದ್ರನೆಂದು ಅರಿಷ್ಟ ಹೇಳಿ ಮನೆಯವರನ್ನು ಹೆದರಿಸುವುದು ಶಾಸ್ತ್ರವೂ ಅಲ್ಲ, ಸಭ್ಯತೆಯೂ ಅಲ್ಲ.

ಮದುವೆಯ ಪ್ರಶ್ನೆ ಬಂದರೆ ಲಗ್ನಾಧಿಪತಿ ಬುಧನಿಗೂ ಸಪ್ತಮಾಧಿಪತಿ ಗುರುವಿಗೂ 2–12, ದೃಷ್ಟಿಯೇ ಇಲ್ಲ. ಆದರೆ ಚಂದ್ರ ಬುಧನನ್ನು ಮೂರೂವರೆ ಅಂಶ ದಾಟಿ ಬಂದು ಗುರುವಿನ ಕಡೆ ಹೊರಟಿದ್ದಾನೆ, ಒಬ್ಬನ ಬೆಳಕನ್ನು ಇನ್ನೊಬ್ಬನಿಗೆ ಒಯ್ಯುತ್ತಿದ್ದಾನೆ. ಇದು ನಕ್ತ ಯೋಗ: ನೇರವಾಗಿ ಆಗದ್ದು ಮೂರನೆಯವರ ಮಧ್ಯಸ್ಥಿಕೆಯಿಂದ ಆಗುತ್ತದೆ. ಏಳರಲ್ಲೇ ವಕ್ರಿ ಶನಿ ಕೂತಿರುವುದರಿಂದ ನಿಧಾನ ಎಂಬ ಮಾತನ್ನೂ ಸೇರಿಸಬೇಕು.

ಜನ್ಮದಶೆಯ ಒಪ್ಪಿಗೆ

ಜಾತಕದಲ್ಲಿ ಇಲ್ಲದ್ದನ್ನು ವರ್ಷಕುಂಡಲಿ ಕೊಡುವುದಿಲ್ಲ. ಸ್ವಾತಿ 1ನೇ ಪಾದದಿಂದ ಹೊರಟ ವಿಂಶೋತ್ತರಿಯಲ್ಲಿ ಈ ವ್ಯಕ್ತಿಗೆ 2023ರ ಕೊನೆಯ ಭಾಗದಿಂದ ಶನಿ ಮಹಾದಶೆ, ಇಡೀ ವರ್ಷ ಶನಿಯದೇ ಭುಕ್ತಿ. ಜನ್ಮದಲ್ಲಿ ಶನಿ ಮಕರದಲ್ಲಿ, ಸ್ವಕ್ಷೇತ್ರದ ಧನಸ್ಥಾನದಲ್ಲಿದ್ದಾನೆ. ಮುಂಥಾ ಹೇಳಿದ ದುಡ್ಡಿನ ವಿಷಯಕ್ಕೆ ದಶೆಯ ಒಪ್ಪಿಗೆ ಸಿಕ್ಕಿತು, ಆದರೆ ಶನಿಯ ಕೈಯಿಂದ ಬರುವುದು ಹಠಾತ್ ಲಾಭವಲ್ಲ, ಕಂತುಕಂತಾಗಿ ಬರುವ ದುಡಿಮೆಯ ಫಲ.

ತಿಂಗಳುಗಳನ್ನು ಹಂಚುವುದು: ಮುದ್ದಾ ದಶೆ

ಜನ್ಮನಕ್ಷತ್ರದ ಸಂಖ್ಯೆಗೆ ಗತವರ್ಷ ಕೂಡಿಸಿ 2 ಕಳೆಯಿರಿ, 9ರಿಂದ ಭಾಗಿಸಿ. ಸ್ವಾತಿ 15; 15 + 34 − 2 = 47, ಶೇಷ 2. ಶೇಷ 1 ಆದರೆ ರವಿ, 2 ಚಂದ್ರ, 3 ಕುಜ, 4 ರಾಹು, 5 ಗುರು, 6 ಶನಿ, 7 ಬುಧ, 8 ಕೇತು, 0 ಶುಕ್ರ. ಹಾಗಾಗಿ ವರ್ಷ ಚಂದ್ರನಿಂದ ಶುರು. ಅವಧಿಗಳು ಇದೇ ಕ್ರಮದಲ್ಲಿ 18, 30, 21, 54, 48, 57, 51, 21, 60, ಒಟ್ಟು 360. ಇವನ್ನು ಕ್ಯಾಲೆಂಡರ್ ದಿನವೆಂದು ಎಣಿಸಿದರೆ ವರ್ಷದ ಕೊನೆಗೆ ಐದು ದಿನ ಯಾರಿಗೂ ಸೇರದೆ ಉಳಿಯುತ್ತವೆ. ರವಿ ನಡೆಯುವ ಅಂಶಗಳೆಂದು ಹಿಡಿದರೆ ಸರಿಹೊಂದುತ್ತದೆ. ಕೆಲವರು ಮೊದಲ ದಶೆಗೆ ಜನ್ಮಚಂದ್ರನ ನಕ್ಷತ್ರಶೇಷ ಹಿಡಿಯುತ್ತಾರೆ. ಇಲ್ಲಿ ಸ್ವಾತಿಯ ಹತ್ತನೇ ಒಂದು ಭಾಗ ಮಾತ್ರ ಕಳೆದಿರುವುದರಿಂದ ಮೂರು ದಿನದ ವ್ಯತ್ಯಾಸ ಅಷ್ಟೇ.

ಚಂದ್ರ, ಕುಜ, ರಾಹು ಮುಗಿಯುವುದು ನವೆಂಬರ್ ಕೊನೆಗೆ. ಅಷ್ಟಮದ ಚಂದ್ರ, ಲಗ್ನದ ಕುಜ, ಆರರ ರಾಹು ಸೇರಿದ ಈ ಮೂರೂವರೆ ತಿಂಗಳು ಓಡಾಟ, ಪೈಪೋಟಿಯ ಕಾಲ. ಅಲ್ಲಿಂದ ಜನವರಿ 16ರವರೆಗೆ ವರ್ಷೇಶ ಗುರುವಿನ ದಶೆ. ಗೋಚಾರದಲ್ಲೂ ಗುರು ಡಿಸೆಂಬರ್ 5ಕ್ಕೆ ವಕ್ರಗತಿಯಲ್ಲಿ ಮಿಥುನಕ್ಕೆ, ಅಂದರೆ ವರ್ಷದ ದಶಮಕ್ಕೇ ಮರಳುತ್ತಾನೆ. ಕೆಲಸದ ಮುಖ್ಯ ನಿರ್ಧಾರಕ್ಕೆ ಇದೇ ಅವಧಿ, ವಕ್ರದ ಕಾರಣ ಹಳೆಯ ಮಾತೇ ಹೊಸ ಷರತ್ತಿನಲ್ಲಿ ಬರುವ ಸೂಚನೆ ಹೆಚ್ಚು. ಜನವರಿ ಮಧ್ಯದಿಂದ ಮಾರ್ಚ್ 13ರವರೆಗೆ ಶನಿ: ಮಹಾದಶೆಯೂ ಅವನದೇ, ಮುದ್ದಾವೂ ಅವನದೇ, ಕೂತಿರುವುದು ಏಳರಲ್ಲಿ. ಪಾಲುದಾರಿಕೆ, ದಾಂಪತ್ಯದ ಮಾತು ಇಲ್ಲಿ ಬಿಗಿಯಾಗುತ್ತದೆ. ಅಲ್ಲಿಂದ ಮೇ 4ರವರೆಗೆ ಹನ್ನೊಂದರ ಬುಧ, ಕೈಗೆ ಬರುವ ಕಾಲ. ಆಮೇಲೆ ಹನ್ನೆರಡರ ಕೇತುವಿನ ಮೂರು ವಾರ ಖರ್ಚು. ಮೇ ಕೊನೆಯಿಂದ ಜುಲೈ 27ರವರೆಗೆ ಮುಂಥಾಧಿಪತಿ ಶುಕ್ರ, ದುಡ್ಡು ಮತ್ತು ಮನೆಮಂದಿಯ ವಿಷಯ ಇತ್ಯರ್ಥವಾಗುವುದು ಆಗ.

ಕೊನೆಯ 18 ಅಂಶ ರವಿಯದು. ಈ ಹೊತ್ತಿಗೆ ಮುಂದಿನ ಕುಂಡಲಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಧ್ರುವಾಂಕ ಇನ್ನೊಮ್ಮೆ ಕೂಡಿಸಿದರೆ 2026 ಆಗಸ್ಟ್ 15, ಶನಿವಾರ ಮಧ್ಯಾಹ್ನ 3.41ರ ಸುಮಾರು. ಆಗ ಲಗ್ನ ಧನು 10°ರ ಆಸುಪಾಸು, ಅಂದರೆ ಜನ್ಮಲಗ್ನವೇ ಮರಳಿ ಬಂದ ದ್ವಿಜನ್ಮ ವರ್ಷ, ಮುಂಥಾ ವೃಶ್ಚಿಕದಲ್ಲಿ, ಹನ್ನೆರಡನೇ ಮನೆ. ದೊಡ್ಡ ಖರ್ಚಿನ ಒಪ್ಪಂದಗಳಿಗೆ ಸಹಿ ಹಾಕುವುದಿದ್ದರೆ ಬುಧ ಅಥವಾ ಶುಕ್ರನ ಅವಧಿಯಲ್ಲೇ ಮುಗಿಸಿ ಎಂದು ಹೇಳುವುದು ಅದಕ್ಕೇ.